ಬೆಳಿಗ್ಗೆ ಮುಟ್ಟಿದಾಗ ಇನ್ನೂ ಬೆಚ್ಚಗಿರುವ ತೊವ್ವೆಯನ್ನು ನಂಬಬೇಡಿ

ಕ್ಯಾಂಟೀನ್ ನಡೆಸುವವರು, ಹಾಸ್ಟೆಲ್ ಅಡುಗೆ ನೋಡಿಕೊಳ್ಳುವವರು, ಕಾರ್ಯಕ್ರಮಗಳಿಗೆ ಊಟ ವಹಿಸಿಕೊಳ್ಳುವವರು ದಯವಿಟ್ಟು ಇದನ್ನು ಓದಿ. ಅನ್ನ, ತೊವ್ವೆಯಲ್ಲಿ ಏನಿದೆ ಹೆದರಲು ಅಂತ ಅನ್ನಿಸಬಹುದು. 2022ರ ಮೇಯಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬ ಹುಡುಗಿ ತೀರಿಕೊಂಡ ಮೇಲೆ ನಮ್ಮ ಕಾಸರಗೋಡಿನಲ್ಲಿ ಮಾಂಸದ ಅಂಗಡಿಗಳನ್ನು ಎಲ್ಲರೂ ಅನುಮಾನದಿಂದಲೇ ನೋಡುತ್ತಾರೆ. ಬೇಳೆಯ ಪಾತ್ರೆಯ ಕಡೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ.

ನಾನು ಒಂದು ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುವವನು. ಕಾಸರಗೋಡು ಪೇಟೆಯ ಹೊರಗೆ ಒಂದು ಕಡೆ ಎರಡು ದಿನದ ತರಬೇತಿ ಇತ್ತು. ಜಾಗದ ಹೆಸರು ಬೇಡ. ಊಟ ತಿಂಡಿ ಅಲ್ಲಿನದೇ ಕ್ಯಾಂಟೀನಿನದು. ಅಡುಗೆಮನೆ ಚೊಕ್ಕಟವಾಗಿಯೇ ಇತ್ತು, ಬಡಿಸುವವರ ಕೈಯೂ ಶುಚಿಯಾಗಿತ್ತು. ಎರಡನೇ ದಿನ ಬೆಳಿಗ್ಗೆ ಎಂಟಕ್ಕೆ ಚಿತ್ರಾನ್ನ. ಹತ್ತೂವರೆಯ ಹೊತ್ತಿಗೆ ನನಗೆ ವಾಂತಿ ಶುರು. ನನ್ನ ಹಾಗೆಯೇ ಇನ್ನೂ ಕೆಲವರು ಬೇಸಿನ್ ಹತ್ತಿರ ಸಾಲಾಗಿ ನಿಂತಿದ್ದರು. ಜ್ವರ ಇಲ್ಲ, ಭೇದಿಯೂ ಹೆಚ್ಚಿಲ್ಲ, ಬರೀ ವಾಂತಿ. ಸಂಜೆಗೆ ನಿಂತಿತು. ನಾನು ಮಧ್ಯಾಹ್ನ ಊಟ ಮಾಡಲಿಲ್ಲ.

ಪೆರ್ಲದಿಂದ ಬಂದಿದ್ದ ಒಬ್ಬರು ಬಸ್ಸು ತಪ್ಪಿ ತಡವಾಗಿ ತಲುಪಿದರು. ಅವರಿಗೆ ಚಿತ್ರಾನ್ನ ಸಿಗಲೇ ಇಲ್ಲ. ಮಧ್ಯಾಹ್ನ ಒಂದು ಗಂಟೆಗೆ ಅನ್ನ, ತೊವ್ವೆ, ಪಲ್ಯ ಊಟ ಮಾಡಿ ಸಂಜೆ ಮನೆಗೆ ಹೋದರು. ರಾತ್ರಿ ಹತ್ತರ ನಂತರ ಹೊಟ್ಟೆ ನುಲಿಯಲು ಶುರುವಾಗಿ ಬೆಳಗಿನವರೆಗೆ ಭೇದಿ. ವಾಂತಿ ಒಂದು ಸಲವೂ ಇಲ್ಲ. ಫೋನಿನಲ್ಲಿ ಮಾತಾಡಿದಾಗ, ಊಟ ಮಾಡಿದ ಹಲವರದೂ ಇದೇ ಕತೆ.

ಎಲ್ಲರೂ 'ನೀರು ಸರಿ ಇರಲಿಲ್ಲ' ಎಂದು ತೀರ್ಮಾನಿಸಿದರು. ನನಗೆ ಹಾಗನ್ನಿಸಲಿಲ್ಲ. ತಿಂದು ಎರಡು ಮೂರು ಗಂಟೆಯಲ್ಲಿ ವಾಂತಿ ಒಂದು ಕಡೆ, ಎಂಟು ಹತ್ತು ಗಂಟೆಯ ಮೇಲೆ ಹೊಟ್ಟೆನೋವು, ಭೇದಿ ಇನ್ನೊಂದು ಕಡೆ. ಒಂದೇ ಕ್ಯಾಂಟೀನಿನಲ್ಲಿ ಒಂದೇ ದಿನ ಎರಡು ಬೇರೆ ಬೇರೆ ತೊಂದರೆ ಆಗಿತ್ತು. ಊಟದ ಸ್ಯಾಂಪಲ್ ಯಾರೂ ತೆಗೆದಿಟ್ಟಿರಲಿಲ್ಲ, ಹಾಗಾಗಿ ಲ್ಯಾಬ್ ಪರೀಕ್ಷೆ ಆಗಲಿಲ್ಲ. ಆದರೆ ಅಡುಗೆ ಮಾಡಿದ ಭಟ್ರು ನನಗೆ ಪರಿಚಯದವರು. ಆಮೇಲೆ ಹೋಗಿ ಕೇಳಿದಾಗ ಏನನ್ನೂ ಮುಚ್ಚಿಡದೆ ಹೇಳಿದರು.

ಮೊದಲು ಅನ್ನದ ಕತೆ. ಹಿಂದಿನ ರಾತ್ರಿ ಬೆಳ್ತಿಗೆ ಅನ್ನವನ್ನು ಬೇಕೆಂದೇ ಜಾಸ್ತಿ ಮಾಡಿದ್ದರು. ಬಿಸಿ ಅನ್ನದಲ್ಲಿ ಚಿತ್ರಾನ್ನ ಕಲಸಿದರೆ ಮುದ್ದೆಯಾಗುತ್ತದೆ, ರಾತ್ರಿಯ ಅನ್ನವಾದರೆ ಅಗುಳು ಬಿಡಿಬಿಡಿ. ಇದು ಎಲ್ಲ ಅಡುಗೆಯವರಿಗೂ ಗೊತ್ತಿರುವ ವಿಷಯ. ಉಳಿದ ಅನ್ನವನ್ನು ದೊಡ್ಡ ಅಲ್ಯುಮಿನಿಯಂ ಪಾತ್ರೆಗೆ ಒತ್ತಿ ತುಂಬಿ, ಒದ್ದೆ ಬಟ್ಟೆ ಮುಚ್ಚಿ ಮೂಲೆಯಲ್ಲಿಟ್ಟಿದ್ದರು. ಬೆಳಿಗ್ಗೆ ಒಗ್ಗರಣೆ, ಲಿಂಬೆರಸ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಗದ್ದೆಯ ಮಣ್ಣಿನಿಂದಲೇ ಬಂದಿರುತ್ತವೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಕುದಿಸಿದರೂ ಸಾಯುವುದಿಲ್ಲ. ಅನ್ನ ಆರುತ್ತಾ ಬಂದ ಹಾಗೆ ಅವು ಮೊಳೆತು ಬೆಳೆಯುತ್ತವೆ, ಬೆಳೆಯುತ್ತಾ ಒಂದು ವಿಷ ಬಿಡುತ್ತವೆ. ಬ್ಯಾಕ್ಟೀರಿಯಾ ಸತ್ತರೂ ಆ ವಿಷ ಉಳಿಯುತ್ತದೆ. ಪ್ರೆಶರ್ ಕುಕ್ಕರಿನ ಬಿಸಿಗೂ ಅದು ಜಗ್ಗುವುದಿಲ್ಲ, ಇನ್ನು ಐದು ನಿಮಿಷದ ಒಗ್ಗರಣೆ ಏನು ಮಾಡೀತು? ಬೆಳಿಗ್ಗೆ ಹಿಂಡಿದ ಲಿಂಬೆರಸವೂ ರಾತ್ರಿಯೇ ಆಗಿಹೋದದ್ದನ್ನು ತಿರುಗಿಸುವುದಿಲ್ಲ. ವಾಸನೆ ಇಲ್ಲ, ರುಚಿಯಲ್ಲೂ ವ್ಯತ್ಯಾಸವಿಲ್ಲ. ನಾನು ಎರಡನೇ ಸಲ ಹಾಕಿಸಿಕೊಂಡು ತಿಂದಿದ್ದೆ, ಅಷ್ಟು ಚೆನ್ನಾಗಿತ್ತು.

ತೊವ್ವೆಯದು ಬೇರೆ ದಾರಿ. ಅದರಲ್ಲಿ ನನಗೆ ಅನುಮಾನ ಇರುವುದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಮೇಲೆ. ಇದರ ಬೀಜಕಗಳೂ ಕುದಿತಕ್ಕೆ ಸಾಯುವುದಿಲ್ಲ. ದಪ್ಪ ಬೇಳೆ, ದೊಡ್ಡ ಪಾತ್ರೆ, ಗಾಳಿಯಾಡದ ನಡುಭಾಗ ಅಂದರೆ ಇದಕ್ಕೆ ಪ್ರಾಣ. ಭಟ್ರು ಹೇಳಿದ್ದು: "ರಾತ್ರಿ ಉಳಿದದ್ದನ್ನು ಮುಚ್ಚಿಟ್ಟಿದ್ದೆ ಮಾರಾಯ್ರೇ, ಹಾಳಾಗಿರಲಿಲ್ಲ. ಬೆಳಿಗ್ಗೆ ಮುಟ್ಟಿದಾಗ ಇನ್ನೂ ಬೆಚ್ಚಗಿತ್ತು."

ಆ ಬೆಚ್ಚಗೆಯಲ್ಲೇ ಎಲ್ಲ ಇರುವುದು. ನನ್ನ ಮಾತು ಅವರಿಗೆ ನಂಬಿಕೆಯಾಗಲಿಲ್ಲ. ಸರಿ, ಇನ್ನೊಂದು ದಿನ ಅದೇ ಪಾತ್ರೆಯಲ್ಲಿ ಸುಮಾರು ನಲವತ್ತು ಲೀಟರ್ ತೊವ್ವೆಯನ್ನು ಮುಚ್ಚಿಟ್ಟು, ಕಡ್ಡಿ ಥರ್ಮಾಮೀಟರ್ ಇಳಿಸಿ ಇಬ್ಬರೂ ನೋಡಿದೆವು. ರಾತ್ರಿ ಒಂಬತ್ತಕ್ಕೆ ನಡುವಿನಲ್ಲಿ 90 ಡಿಗ್ರಿ ಹತ್ತಿರ. 60ಕ್ಕೆ ಇಳಿಯುವಾಗ ರಾತ್ರಿ ಒಂದು ಗಂಟೆ ದಾಟಿತ್ತು. ಬೆಳಿಗ್ಗೆ ಆರಕ್ಕೆ 43. ಈ ಬ್ಯಾಕ್ಟೀರಿಯಾಕ್ಕೆ ಅತಿ ಇಷ್ಟವಾದ ಬಿಸಿ ಸರಿಯಾಗಿ ಅಲ್ಲಲ್ಲೇ. ಆ ಬಿಸಿಯಲ್ಲಿ ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಗಂಟೆಗೆ ಆರು ಸಲ ಎರಡರಷ್ಟಾದರೆ ಒಂದು ಅರವತ್ತನಾಲ್ಕು. ಇನ್ನೊಂದು ಗಂಟೆಗೆ ನಾಲ್ಕು ಸಾವಿರ ದಾಟಿತು. ಪಾತ್ರೆ ಹನ್ನೊಂದರವರೆಗೆ ಹಾಗೇ ಕೂತಿರುತ್ತದೆ. ಲೆಕ್ಕ ಮುಂದುವರಿಸುವುದು ಬೇಡ, ಅಲ್ವಾ?

ಇಷ್ಟಾದರೂ ತೊವ್ವೆಗೆ ಇನ್ನೊಂದು ಅವಕಾಶ ಇರುತ್ತದೆ. ಈ ಬ್ಯಾಕ್ಟೀರಿಯಾ ತೊಂದರೆ ಕೊಡುವುದು ಜೀವಂತವಾಗಿ ನಮ್ಮ ಹೊಟ್ಟೆ ಸೇರಿದ ಮೇಲೆ. ಚೆನ್ನಾಗಿ ಬಿಸಿ ಮಾಡಿದರೆ ಬೆಳೆದದ್ದು ಸಾಯುತ್ತದೆ. ಅವತ್ತು ಆ ಅವಕಾಶವೂ ಹೋಯಿತು. ಅಡಿ ಹಿಡಿಯುತ್ತದೆ ಎಂದು ಸಣ್ಣ ಉರಿಯಲ್ಲಿಟ್ಟರು. ಅಂಚಿನಲ್ಲಿ ಗುಳ್ಳೆ ಎದ್ದ ಕೂಡಲೇ 'ಕುದಿ ಬಂತು' ಎಂದು ಇಳಿಸಿದರು. ದಪ್ಪ ಬೇಳೆಯಲ್ಲಿ ಅಂಚು ಕುದಿಯುವಾಗ ನಡುಭಾಗ ಉಗುರುಬೆಚ್ಚಗೇ ಇರಬಹುದು. ಸಟ್ಟುಗದಿಂದ ಅಡಿಯಿಂದ ಮೇಲಕ್ಕೆ ತಿರುವದಿದ್ದರೆ ಅದು ಗೊತ್ತಾಗುವುದೂ ಇಲ್ಲ. ಬಿಸಿ ಮಾಡುವಾಗ ನಡುವಿನಲ್ಲಿ 75 ಡಿಗ್ರಿ ಆಗಬೇಕು, ಕನಿಷ್ಠ ಎರಡು ನಿಮಿಷ ಹಾಗೇ ನಿಲ್ಲಬೇಕು. ಸ್ವಲ್ಪ ನೀರು ಹಾಕಿ ತೆಳ್ಳಗೆ ಮಾಡಿ, ಸಣ್ಣ ಪಾತ್ರೆಗಳಲ್ಲಿ, ದೊಡ್ಡ ಉರಿಯಲ್ಲಿ ತಿರುವುತ್ತಾ ಕುದಿಸಿದರೆ ಅಡಿಯೂ ಹಿಡಿಯುವುದಿಲ್ಲ.

ಬಿಸಿನೀರಿನ ಕೌಂಟರಿನಲ್ಲಿ, ಅಂದರೆ ಬೇನ್‌ಮೇರಿಯಲ್ಲಿ, ತಣ್ಣಗಿನ ತೊವ್ವೆ ಇಟ್ಟು 'ಬಿಸಿಯಾಗ್ತದೆ' ಎಂದು ಬಿಡುವವರೂ ಇದ್ದಾರೆ. ಅದು ಬಿಸಿ ಇರುವುದನ್ನು 60ರ ಮೇಲೆ ಉಳಿಸಿಕೊಳ್ಳಲು ಮಾತ್ರ. ತಣ್ಣಗಿನದನ್ನು ಅದು ಗಂಟೆಗಟ್ಟಲೆ ಬೆಚ್ಚಗೆ ಇಡುತ್ತದೆ, ಅಷ್ಟೇ. ಒಮ್ಮೆ ಬಿಸಿ ಮಾಡಿದ್ದು ಮತ್ತೆ ಉಳಿದರೆ ಚೆಲ್ಲಿ.

ಹಾಗಾದರೆ ಉಳಿದದ್ದನ್ನು ಆರಿಸುವುದು ಹೇಗೆ? 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮತ್ತೆ ನಾಲ್ಕು ಗಂಟೆಯೊಳಗೆ. ಮೊದಲ ಎರಡು ಗಂಟೆ ಬಹಳ ಮುಖ್ಯ. ಓದಲು ಸುಲಭ, ನಮ್ಮ ಕಡಲತಡಿಯ ಸೆಕೆಯಲ್ಲಿ ಮಾಡಲು ಕಷ್ಟ. ಪಾತ್ರೆಯನ್ನು ಬಾವಿನೀರಿನ ತೊಟ್ಟಿಯಲ್ಲಿ ಇಳಿಸಿಟ್ಟರೆ ಸಾಕು ಅನ್ನುತ್ತಾರೆ. ಬಾವಿನೀರೇ 27 ಡಿಗ್ರಿ ಹತ್ತಿರ ಇರುವಾಗ ಅದು ತೊವ್ವೆಯನ್ನು 21ಕ್ಕೆ ಇಳಿಸುವುದೆಲ್ಲಿಂದ? ಆ ನೀರು ಮೊದಲ ಹಂತಕ್ಕೆ ಸರಿ. ಆಮೇಲೆ ಐಸ್ ಬೇಕೇ ಬೇಕು. ಹತ್ತು ಲೀಟರ್ ತೊವ್ವೆಯನ್ನು 60ರಿಂದ 21ಕ್ಕೆ ಬರೀ ಐಸಿನಿಂದ ಇಳಿಸಲು ನಾಲ್ಕು ಕಿಲೋದಷ್ಟು ಹಿಡಿಯುತ್ತದೆ. ಮೀನಿನ ಐಸ್ ಇಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಅದು ತಟ್ಟೆಯ ಹೊರಗೆ ಮಾತ್ರ ಇರಬೇಕು, ಒಂದು ಹನಿಯೂ ಒಳಗೆ ಬೀಳಬಾರದು.

ಐಸಿಗಿಂತಲೂ ಮೊದಲು ಪಾತ್ರೆ ಬದಲಿಸಿ. ದೊಡ್ಡ ಪಾತ್ರೆಯಿಂದ ಅಗಲದ ಸ್ಟೀಲ್ ಟ್ರೇಗಳಿಗೆ, ಎರಡು ಇಂಚಿಗಿಂತ ಆಳ ಬೇಡ. ಐದು ಹತ್ತು ನಿಮಿಷಕ್ಕೊಮ್ಮೆ ತಿರುವಿ. ನಾನು ಮಾಡುವ ಇನ್ನೊಂದು ಉಪಾಯ: ಬೇಳೆಯನ್ನು ಗಟ್ಟಿಯಾಗಿಯೇ ಬೇಯಿಸುವುದು, ಕುದಿಸಿ ಆರಿಸಿದ ನೀರಿನಿಂದ ಮಾಡಿದ ಐಸನ್ನು ಕಡೆಗೆ ಅದಕ್ಕೇ ಹಾಕುವುದು. ಹದವೂ ಬರುತ್ತದೆ, ಬಿಸಿಯೂ ಇಳಿಯುತ್ತದೆ. ದೊಡ್ಡ ಬಿಸಿ ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ತುರುಕಬೇಡಿ. ನಡುಭಾಗ ತಣಿಯುವುದಿಲ್ಲ, ಪಕ್ಕದ ಹಾಲು ಮೊಸರು ಬಿಸಿಯಾಗುತ್ತದೆ.

ಚಿತ್ರಾನ್ನಕ್ಕೆ ರಾತ್ರಿಯ ಅನ್ನ ಬೇಕಾಗಿಲ್ಲ. ಬೆಳಿಗ್ಗೆ ನೀರು ಸ್ವಲ್ಪ ಕಡಿಮೆ ಹಾಕಿ ಅನ್ನ ಮಾಡಿ, ಬೇಯುತ್ತಿದ್ದಂತೆ ಟ್ರೇಯಲ್ಲಿ ಬೆರಳು ದಪ್ಪಕ್ಕೆ ಹರಡಿ, ಚೂರು ಎಣ್ಣೆ ಸವರಿ ಫ್ಯಾನ್ ಹಾಕಿ. ಅರ್ಧ ಗಂಟೆಯಲ್ಲಿ ಅಗುಳು ಬಿಡಿಯಾಗುತ್ತದೆ. ಕೂಡಲೇ ಕಲಸಿ, ಕೂಡಲೇ ಬಡಿಸಿ. ನನ್ನ ಅಡುಗೆಮನೆಯಲ್ಲಿ ಹೊರಗಿಟ್ಟ ಅನ್ನ ಊಟದ ಹೊತ್ತು ಮುಗಿದ ಮೇಲೆ ಇರುವುದಿಲ್ಲ. ಮಧ್ಯಾಹ್ನಕ್ಕೆ ಒಟ್ಟಿಗೆ ಬೇಯಿಸುವ ಬದಲು ಹನ್ನೊಂದೂವರೆಗೆ ಒಂದು, ಮುಕ್ಕಾಲು ಜನ ಬಂದ ಮೇಲೆ ಇನ್ನೊಂದು ಎಂದು ಎರಡು ಸಲ ಬೇಯಿಸಿದರೆ ಉಳಿಯುವುದೇ ಕಡಿಮೆ. ಗ್ಯಾಸ್ ಸ್ವಲ್ಪ ಜಾಸ್ತಿ ಹೋಗುತ್ತದೆ, ಹೋಗಲಿ.

ಥರ್ಮಾಮೀಟರ್ ಕೊಂಡರೆ ಒಂದು ಲೋಟದಲ್ಲಿ ಐಸ್ ಪುಡಿ ತುಂಬಿ, ಅದು ಮುಳುಗುವಷ್ಟು ನೀರು ಹಾಕಿ, ಕಡ್ಡಿ ಅದ್ದಿ ನೋಡಿ. ಸೊನ್ನೆ ತೋರಿಸದಿದ್ದರೆ ಆ ವ್ಯತ್ಯಾಸವನ್ನು ಅದರ ಮೇಲೆಯೇ ಬರೆದಿಡಿ. ಅಳೆಯುವಾಗ ಅಂಚಿನಲ್ಲಿ ಬೇಡ, ಪಾತ್ರೆಯ ನಟ್ಟ ನಡುವಿಗೆ ಇಳಿಸಿ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಕಡ್ಡಿ ತೊಳೆದು ಒರೆಸಿ.

ಊಟ ಮಾಡುವವರಿಗೂ ಒಂದು ಮಾತು. ಬಡಿಸಿದ ತೊವ್ವೆಯಿಂದ ಹಬೆ ಬರದೆ ಬರೀ ಬೆಚ್ಚಗಿದ್ದರೆ, ಮೇಲೆ ಕೆನೆ ಕಟ್ಟಿದ್ದರೆ, ಬಿಸಿ ಮಾಡಿಕೊಡಿ ಎಂದು ಕೇಳಿ. ನಾಚಿಕೆ ಬೇಡ. ಚಿತ್ರಾನ್ನದ ವಿಷಯದಲ್ಲಿ ಹಾಗೆ ಕೇಳಿ ಪ್ರಯೋಜನವಿಲ್ಲ, 'ಅನ್ನ ಯಾವಾಗ ಮಾಡಿದ್ದು?' ಎಂದೇ ಕೇಳಬೇಕು. ಹೊಟ್ಟೆ ಕೆಟ್ಟವರಿಗೆ ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ಮೂತ್ರ ನಿಂತದ್ದು ಕಂಡರೆ, ಅಥವಾ ತೊಂದರೆ ಚಿಕ್ಕ ಮಕ್ಕಳು, ವಯಸ್ಸಾದವರಿಗೆ ಆಗಿದ್ದರೆ, ಕಾಯದೆ ಆಸ್ಪತ್ರೆಗೆ ಹೋಗಿ.

ಭಟ್ರು ಈಗ ರಾತ್ರಿಯ ಅನ್ನದ ಚಿತ್ರಾನ್ನ ನಿಲ್ಲಿಸಿದ್ದಾರೆ. ತೊವ್ವೆಯ ದೊಡ್ಡ ಪಾತ್ರೆಯ ಬದಲು ನಾಲ್ಕು ಟ್ರೇ ತರಿಸಿಕೊಡಿ ಎಂದು ಮೇಲಿನವರನ್ನು ಕೇಳಿದ್ದರಂತೆ. ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಉಳಿದ ತೊವ್ವೆ ಮರುದಿನಕ್ಕೆ ಇಡುವುದಿಲ್ಲ ಎಂದಿದ್ದಾರೆ.