ಹೊಟ್ಟೆನುಲಿತದ ಮಾತ್ರೆಯಿಂದ ಮೂತ್ರ ಕಟ್ಟಿದ ಪ್ರಸಂಗ: ಮನೆಯಲ್ಲಿ ಹಿರಿಯರಿದ್ದವರು ಗಮನಿಸಿ

ಕಳೆದ ಬೇಸಿಗೆಯಲ್ಲಿ 71 ವರ್ಷದ ನಮ್ಮ ತಂದೆಯವರಿಗೆ ಹೊಟ್ಟೆ ಹಿಂಡಿದಂತೆ ನೋವು ಬಂತು. ಎರಡು ಸಲ ಭೇದಿಯೂ ಆಗಿತ್ತು. ಮೆಡಿಕಲ್ ಶಾಪಿನಲ್ಲಿ ವಿಷಯ ಹೇಳಿದಾಗ 20 ಮಿಲಿಗ್ರಾಂ ಡೈಸೈಕ್ಲೊಮಿನ್ ಇರುವ ಮಾತ್ರೆಗಳನ್ನು ಕೊಟ್ಟು, ದಿನಕ್ಕೆ ಮೂರು ಸಲ ನುಂಗಿಸಿ ಎಂದರು. ರೋಗಿಯ ವಯಸ್ಸನ್ನು ಅವರು ಕೇಳಲಿಲ್ಲ. ತಂದೆಯವರಿಗೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವ ತೊಂದರೆ ಎರಡು ವರ್ಷದಿಂದ ಇದ್ದರೂ ಅದನ್ನು ಹೇಳಬೇಕೆಂದು ನನಗೂ ಹೊಳೆಯಲಿಲ್ಲ.

ಮೊದಲ ಮಾತ್ರೆ ನುಂಗಿ ಒಂದು ಗಂಟೆಯಾಗುವಷ್ಟರಲ್ಲಿ ನೋವು ಇಳಿಯಿತು. ಸಂಜೆಯ ಹೊತ್ತಿಗೆ ಬಾಯಿ ಒಣಗಿ, ನಾಲಿಗೆ ಅಂಗುಳಕ್ಕೆ ಅಂಟುತ್ತಿದೆ ಎಂದು ಅವರು ಹೇಳತೊಡಗಿದರು. ಭೇದಿಯಿಂದ ನೀರು ಕಡಿಮೆಯಾಗಿದೆ ಎಂದು ಭಾವಿಸಿ ನಾನು ಮತ್ತೆ ಮತ್ತೆ ನೀರು, ಮಜ್ಜಿಗೆ, ಎಳನೀರು ಕೊಟ್ಟೆ. ಮರುದಿನ ಮಧ್ಯಾಹ್ನದ ವೇಳೆಗೆ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಯಿತು. ಹಳೆಯ ನೋವೇ ಮರುಕಳಿಸಿತೆಂದು ತಿಳಿದು ಇನ್ನೊಂದು ಮಾತ್ರೆ ಕೊಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದು. ರಾತ್ರಿ ಅವರು ಬೆವರುತ್ತಾ ನರಳುತ್ತಿದ್ದಾಗ, ಬೆಳಗಿನಿಂದ ಮೂತ್ರವೇ ಹೋಗಿಲ್ಲವೆಂಬುದು ತಿಳಿಯಿತು. ಆಸ್ಪತ್ರೆಯಲ್ಲಿ ಮೂತ್ರ ಹೊರತೆಗೆಯುವ ಕ್ಯಾಥೆಟರ್ ಎಂಬ ಕೊಳವೆ ಹಾಕಿದಾಗ ಸುಮಾರು 900 ಮಿಲಿಲೀಟರ್ ಮೂತ್ರ ಹೊರಬಂತು. ಸಾಮಾನ್ಯವಾಗಿ ಅದರ ಅರ್ಧದಷ್ಟು ತುಂಬಿದಾಗಲೇ ಮೂತ್ರಕ್ಕೆ ಹೋಗಲೇಬೇಕೆನ್ನಿಸುತ್ತದೆ.

ಹೀಗಾದದ್ದೇಕೆ ಎಂಬುದನ್ನು ಅಲ್ಲಿನ ವೈದ್ಯರು ತಾಳ್ಮೆಯಿಂದ ವಿವರಿಸಿದರು. ಕರುಳಿನ ಗೋಡೆಯ ಸ್ನಾಯು ಬಿಗಿಯಾಗಿ ಹಿಂಡಿಕೊಂಡಾಗ ನುಲಿತದ ನೋವು ಬರುತ್ತದೆ. ಹಿಂಡಿಕೊಳ್ಳುವಂತೆ ಸ್ನಾಯುವಿಗೆ ಸೂಚನೆ ಮುಟ್ಟಿಸುವುದು ನರದ ತುದಿಯಿಂದ ಹೊರಬರುವ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ. ಡೈಸೈಕ್ಲೊಮಿನ್ ಆ ಸೂಚನೆ ತಲುಪುವ ಜಾಗದಲ್ಲಿ ತಾನೇ ಕುಳಿತು ಅದನ್ನು ತಡೆಯುವುದರಿಂದ ಸ್ನಾಯು ಸಡಿಲಗೊಳ್ಳುತ್ತದೆ. ಆದರೆ ಜೊಲ್ಲು ಸುರಿಸುವಂತೆ ಬಾಯಿಯ ಗ್ರಂಥಿಗಳಿಗೆ ಹೇಳುವುದೂ, ಮೂತ್ರವನ್ನು ಹೊರದೂಡುವಂತೆ ಮೂತ್ರಕೋಶದ ಸ್ನಾಯುವಿಗೆ ಹೇಳುವುದೂ ಅದೇ ಅಸೆಟೈಲ್‌ಕೋಲಿನ್. ಹೀಗಾಗಿ ಬಾಯಿ ಒಣಗುವುದೆಂದರೆ ಔಷಧ ಕರುಳಿನಾಚೆಗೂ ಕೆಲಸ ಮಾಡುತ್ತಿದೆ ಎಂಬುದರ ಮೊದಲ ಗುರುತು. ಆರೋಗ್ಯವಂತ ಯುವಕರಿಗೆ ಅದು ಬಾಯಿ ಮುಕ್ಕಳಿಸಿದರೆ ಸಹಿಸಬಹುದಾದ ಕಿರಿಕಿರಿಯಷ್ಟೇ. ನಮ್ಮ ತಂದೆಯವರಿಗೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರದ ದಾರಿ ಮೊದಲೇ ಕಿರಿದಾಗಿತ್ತು. ಆ ಕಿರಿದಾದ ದಾರಿಯಲ್ಲಿ ಮೂತ್ರವನ್ನು ತಳ್ಳುತ್ತಿದ್ದ ಸ್ನಾಯುವಿನ ಬಲವನ್ನೂ ಮಾತ್ರೆ ಕುಂದಿಸಿತು, ಜೊತೆಗೆ ನಾನು ಕುಡಿಸಿದ ನೀರು ಮೂತ್ರಕೋಶವನ್ನು ಇನ್ನಷ್ಟು ತುಂಬಿಸಿತು.

ನೆಗಡಿಗೆಂದು ಅದೇ ವಾರ ಅವರು ಕ್ಲೋರ್‌ಫೆನಿರಮಿನ್ ಇರುವ ಮಾತ್ರೆಯನ್ನೂ ನುಂಗುತ್ತಿದ್ದರೆಂಬುದು ವೈದ್ಯರು ಕೇಳಿದಾಗಲಷ್ಟೇ ನೆನಪಾಯಿತು. ಅದೂ ಬಾಯಿ ಒಣಗಿಸುವ, ಮೂತ್ರ ತಡೆಯುವ ಗುಣವುಳ್ಳದ್ದೇ. ಎರಡೂ ಸೇರಿದರೆ ಪರಿಣಾಮ ಹೆಚ್ಚುತ್ತದೆ.

ಪ್ರಾಸ್ಟೇಟ್ ತೊಂದರೆ ಇರುವವರಂತೆಯೇ, ಗ್ಲಾಕೋಮಾ ಇರುವವರೂ ಕಣ್ಣಿನ ವೈದ್ಯರನ್ನು ಕೇಳದೆ ಈ ಮಾತ್ರೆಯನ್ನು ಮುಟ್ಟಬಾರದು. ಕಣ್ಣಿನೊಳಗಿನ ದ್ರವ ಹೊರಹೋಗುವ ಕೋನ ಕಿರಿದಾಗಿರುವವರಲ್ಲಿ ಪಾಪೆ ಹಿಗ್ಗಿ, ಕಣ್ಣಿನೊಳಗಿನ ಒತ್ತಡ ಒಮ್ಮೆಲೇ ಏರಬಹುದು. ಮೈಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯದ ಕಾಯಿಲೆ ಇರುವವರಿಗೂ, ಹಾಲುಣಿಸುವ ತಾಯಂದಿರಿಗೂ ಇದು ಸಲ್ಲದು. ಆರು ತಿಂಗಳೊಳಗಿನ ಮಗು ಹೊಟ್ಟೆನೋವಿನಿಂದ ಅಳುತ್ತಿದೆಯೆಂದು ಇದರ ಹನಿಗಳನ್ನು ಹಾಕುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ದಯವಿಟ್ಟು ಹಾಕಬೇಡಿ, ಅಷ್ಟು ಚಿಕ್ಕ ಮಕ್ಕಳಲ್ಲಿ ಉಸಿರಾಟವೇ ತೊಡಕಾದ ಪ್ರಕರಣಗಳು ದಾಖಲಾಗಿವೆ. ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಮಲವೂ ವಾಯುವೂ ಹೋಗದಿದ್ದರೆ ಕರುಳು ಕಟ್ಟಿರುವ ಸಾಧ್ಯತೆ ಇರುವುದರಿಂದ, ಕರುಳಿನ ಚಲನೆಯನ್ನು ಇನ್ನಷ್ಟು ನಿಧಾನಗೊಳಿಸುವ ಈ ಮಾತ್ರೆಯನ್ನು ಕೊಡದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಕರುಳಿನ ನೋವಿಗೂ ಮೂತ್ರ ಕಟ್ಟಿದ ನೋವಿಗೂ ಇರುವ ವ್ಯತ್ಯಾಸ ಆಗ ನನಗೆ ತಿಳಿದಿದ್ದರೆ ತಂದೆಯವರು ಅಷ್ಟು ಹೊತ್ತು ನರಳಬೇಕಾಗಿರಲಿಲ್ಲ. ನುಲಿತ ಅಲೆಯಂತೆ ಬಂದು ಹೋಗುತ್ತದೆ. ಮೂತ್ರ ಕಟ್ಟಿದ ನೋವು ಹೊಕ್ಕುಳ ಕೆಳಗೆ, ನಡುಭಾಗದಲ್ಲಿ ಬಿಡದೆ ಏರುತ್ತಾ ಹೋಗುತ್ತದೆ, ಅಲ್ಲಿ ಕೈಯಿಟ್ಟರೆ ಗಟ್ಟಿಯಾದ ಉಬ್ಬು ಸಿಗುತ್ತದೆ, ಒತ್ತಿದರೆ ಮೂತ್ರಕ್ಕೆ ಹೋಗಬೇಕೆನ್ನಿಸಿದರೂ ಹನಿಯೂ ಬರುವುದಿಲ್ಲ.

ಕ್ಯಾಥೆಟರನ್ನು ನಾಲ್ಕನೆಯ ದಿನ ತೆಗೆದರು. ಪ್ರಾಸ್ಟೇಟಿಗೆ, ಮೂತ್ರದ ದಾರಿಯನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ ಎಂಬ ಔಷಧ ಶುರುಮಾಡಿದರು. ಡೈಸೈಕ್ಲೊಮಿನ್ ಮತ್ತು ನೆಗಡಿ ಮಾತ್ರೆಗಳನ್ನು ಕೇಳದೆ ಕೊಡಬಾರದೆಂದು ವೈದ್ಯರು ತಂದೆಯವರ ಫೈಲಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದಾರೆ. ಈಗ ಮೆಡಿಕಲ್ ಶಾಪಿಗೆ ಹೋಗುವಾಗ ಆ ಪುಟದ ಫೋಟೊವನ್ನು ಮೊದಲು ತೋರಿಸುತ್ತೇನೆ.