ಮಗು ಮಲಗುವ ಕೋಣೆಗೆ ಫ್ಯಾನೋ, ಎಸಿಯೋ? ಮೇಲ್ಮಹಡಿ ಮನೆಯೊಂದರ ಹೋಲಿಕೆ

ಏಪ್ರಿಲ್‌ನಲ್ಲಿ ಬೆಂಗಳೂರಿನ ಹಗಲು 34 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವದ ಹೊತ್ತಿಗೆ ಹೊರಗಿನ ಗಾಳಿ ಸಾಮಾನ್ಯವಾಗಿ 22ರ ಆಸುಪಾಸಿಗೆ ಇಳಿದಿರುತ್ತದೆ. ಆದರೂ ಮೇಲ್ಮಹಡಿಯ ಕೋಣೆಯಲ್ಲಿ ಮಗು ಬೆವರುತ್ತದೆ. ಕಾರಣ ತಾರಸಿ. ದಿನವಿಡೀ ಬಿಸಿಲಲ್ಲಿ ಕಾದ ಆರ್‌ಸಿಸಿ ಮೋಲ್ಡು ಆ ಕಾವನ್ನು ಸಂಜೆಯಿಂದ ಮಧ್ಯರಾತ್ರಿ ದಾಟುವವರೆಗೂ ಕೆಳಗೆ ಬಿಡುತ್ತಲೇ ಇರುತ್ತದೆ. ಅಂದರೆ ಇಲ್ಲಿ ರಾತ್ರಿಗೆ ಎರಡು ಪಾಳಿ: ರಾತ್ರಿ ಒಂದು ಗಂಟೆಯವರೆಗೆ ಸೆಕೆ ಒಳಗಿನದು, ಆಮೇಲೆ ತಂಪು ಹೊರಗಿನದು. ಫ್ಯಾನ್, ಎಸಿ ಎರಡನ್ನೂ ಈ ಲೆಕ್ಕದಲ್ಲೇ ತೂಗಬೇಕು.

ಹೋಲಿಸಿದ್ದು ಒಂದೇ ಕೋಣೆಯಲ್ಲಿ. ಮೂರನೇ ಮಹಡಿ, ಮೇಲೆ ಬರೀ ತಾರಸಿ, 10×11 ಅಡಿ, ಸೊಳ್ಳೆ ಜಾಲರಿ ಹಾಕಿದ ಒಂದು ಕಿಟಕಿ, 1200 ಮಿ.ಮೀ. ಸೀಲಿಂಗ್ ಫ್ಯಾನ್, ಒಂದು ಟನ್ನಿನ ಇನ್ವರ್ಟರ್ ಎಸಿ. ಮಲಗುವುದು ನಾಲ್ಕು ತಿಂಗಳ ಮಗು, ಪಕ್ಕದ ಮಂಚದಲ್ಲಿ ಅಪ್ಪ ಅಮ್ಮ. ಉಷ್ಣಾಂಶ ಅಳೆದಿದ್ದು ಗೋಡೆಯ ಮೇಲಲ್ಲ, ಮಗುವಿನ ಹಾಸಿಗೆಯ ಮಟ್ಟದಲ್ಲಿ, ನೇರ ಗಾಳಿ ಬೀಳದ ಕಡೆ. ನಾಲ್ಕೈದು ನೂರು ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ಇದಕ್ಕೆ ಸಾಕು. ತೇವಾಂಶವನ್ನೂ ತೋರಿಸುವಂಥದ್ದಾದರೆ ಇನ್ನೂ ಒಳ್ಳೆಯದು.

ಬರೀ ಫ್ಯಾನ್

ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. ಮೈಯ ಬೆವರನ್ನು ಆರಿಸಿ, ಮೈ ಸುತ್ತ ನಿಂತ ಬೆಚ್ಚನೆ ಗಾಳಿಯನ್ನು ಸರಿಸುತ್ತದೆ, ಅಷ್ಟೆ. ಕಿಟಕಿ ಮುಚ್ಚಿ ಫ್ಯಾನ್ ಹಾಕಿದಾಗ ರಾತ್ರಿ ಹತ್ತಕ್ಕೆ 30.5 ಇದ್ದ ಕೋಣೆ ಬೆಳಿಗ್ಗೆ ಐದಕ್ಕೂ 28.5ರಲ್ಲೇ ಇತ್ತು. ಮೋಲ್ಡಿನ ಕೆಳಗೆ ಸೇರಿದ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತಿದ್ದರೆ ಇನ್ನೇನಾದೀತು? ಕಿಟಕಿ ತೆರೆದು, ಬಾಗಿಲನ್ನೂ ಒಂದು ಗೇಣು ಬಿಟ್ಟಾಗ ಎರಡು ಗಂಟೆಗೆ 28, ಐದಕ್ಕೆ 26 ಬಂತು. ಫ್ಯಾನಿನ ವೇಗಕ್ಕಿಂತ ಆ ತೆರೆದ ಕಿಟಕಿಯದೇ ಹೆಚ್ಚಿನ ಕೆಲಸ.

ತೊಟ್ಟಿಲು ರೆಕ್ಕೆಯ ನೇರ ಕೆಳಗೆ ಬೇಡ. ಗಾಳಿ ಜೋರಾಗಿ ಬೀಳುವುದು ಅಲ್ಲೇ. ರೆಕ್ಕೆಯ ತುದಿಯಿಂದ ಎರಡು ಅಡಿಯಾದರೂ ಆಚೆ ಇಟ್ಟು, ರೆಗ್ಯುಲೇಟರ್ ಎರಡರಲ್ಲಿಟ್ಟು, ಹಾಸಿಗೆಯ ಮೇಲೆ ಒಂದು ಎಳೆ ಟಿಶ್ಯೂ ಕಾಗದ ಹಿಡಿದು ನೋಡಿ. ತುದಿ ಮೆಲ್ಲಗೆ ಅಲುಗಿದರೆ ಸರಿ, ಪಟಪಟ ಹೊಡೆದುಕೊಂಡರೆ ಜಾಸ್ತಿ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು, ಹಾಗಾಗಿ ಮೈಯ ಕಾವು ಬೇಗ ಇಳಿಯುತ್ತದೆ. ಸೊಳ್ಳೆ ಪರದೆ ಹಾಕಿದರೆ ಗಾಳಿ ಕಡಿಮೆಯಾಗುವುದರಿಂದ ಕಾಗದವನ್ನು ಪರದೆಯ ಒಳಗೆ ಹಿಡಿದು ನೋಡಬೇಕು. ಮೂರಕ್ಕೆ ಏರಿಸಬೇಕಾಗಬಹುದು.

"ಗಾಳಿ ತಾಗಿದ್ರೆ ಶೀತ ಆಗುತ್ತೆ ಕಣಮ್ಮ" ಎಂದು ಅಜ್ಜಿ ಹೇಳಿದರೆ ಪೂರ್ತಿ ತಳ್ಳಿಹಾಕಬೇಡಿ. ಶೀತ ಬರುವುದು ವೈರಸ್ಸಿನಿಂದ, ಗಾಳಿಯಿಂದಲ್ಲ. ಆದರೆ ಒದ್ದೆ ಮೈಗೆ ಫ್ಯಾನ್ ಬೀಸಿದರೆ ಮೈ ಸರ್ರನೆ ತಣ್ಣಗಾಗುವುದು ನಿಜ. ಸ್ನಾನದ ನಂತರ, ಉಚ್ಚೆ ಹೊಯ್ದ ಬಟ್ಟೆ ಬದಲಿಸುವಾಗ, ಬೆವರಿದ ಮೈ ಒರೆಸುವಾಗ ಎರಡು ನಿಮಿಷ ಫ್ಯಾನ್ ನಿಲ್ಲಿಸಿ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಮಗುವಿಗೆ ಕುಲಾವಿ, ಕಾಲುಚೀಲ, ಸ್ವೆಟರ್ ಏರಿಸಿ, ಮೇಲೊಂದು ಸಾಂಬ್ರಾಣಿ ಹೊಗೆ ಹಾಕುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಮಲಗಿದ ಮಗು ಅತಿಯಾಗಿ ಬಿಸಿಯಾಗುವುದು ಹಠಾತ್ ಶಿಶುಮರಣದ ಅಪಾಯ ಹೆಚ್ಚಿಸುವ ಸಂಗತಿಗಳಲ್ಲೊಂದು. ಕ್ಯಾಲಿಫೋರ್ನಿಯಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೋಣೆಯಲ್ಲಿ ಫ್ಯಾನ್ ಓಡುತ್ತಿದ್ದ ಮಕ್ಕಳಲ್ಲಿ ಈ ಅಪಾಯ ಕಡಿಮೆ ಕಂಡಿತ್ತು. ಆದರೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಆಧಾರ ಸಾಲದು ಎಂದು, ಇದಕ್ಕಾಗಿಯೇ ಫ್ಯಾನ್ ಹಾಕಿ ಎಂದು ಹೇಳುವುದಿಲ್ಲ. ಮಗುವನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬು ರಜಾಯಿ ಇಲ್ಲದೆ ಮಲಗಿಸುವುದು ಮೊದಲು. ಫ್ಯಾನ್ ಆಮೇಲಿನ ಮಾತು.

ಫ್ಯಾನಿನ ನಿಜವಾದ ಅಪಾಯ ಗಾಳಿಯಲ್ಲಿಲ್ಲ, ಅದು ತೂಗುವ ಕೊಕ್ಕೆಯಲ್ಲಿದೆ. ಮಗು ಬರುವ ಮೊದಲು ಮೇನ್ ಸ್ವಿಚ್ ಆರಿಸಿ, ಏಣಿ ಹಾಕಿ, ಮೇಲಿನ ಬಟ್ಟಲು ಇಳಿಸಿ ನೋಡಿ. ಮೋಲ್ಡಿನ ಕೊಕ್ಕೆ ತುಕ್ಕು ತಿಂದಿರಬಾರದು. ಕೊಕ್ಕೆಗೂ ಸರಳಿಗೂ ನಡುವಿನ ರಬ್ಬರ್ ಬುಷ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಸರಳಿನ ಎರಡೂ ತುದಿಯ ಬೋಲ್ಟುಗಳಿಗೆ ನಟ್ಟಿನಾಚೆ ಸ್ಪ್ಲಿಟ್ ಪಿನ್ ಇರಲೇಬೇಕು, ಅದರ ಎರಡು ಕಾಲೂ ಅಗಲಿಸಿ ಮಡಚಿರಬೇಕು. ಅಲುಗಾಟಕ್ಕೆ ನಟ್ಟು ಸಡಿಲವಾಗುತ್ತಾ ಬರುತ್ತದೆ, ಆಗ ಬೋಲ್ಟನ್ನು ಹಿಡಿದಿಡುವುದು ಈ ಪಿನ್ ಒಂದೇ. ಫ್ಯಾನ್ ಓಲಾಡುತ್ತಿದ್ದರೆ ನಿಂತ ಫ್ಯಾನಿನ ಪ್ರತಿ ರೆಕ್ಕೆಯ ತುದಿಯಿಂದ ಛಾವಣಿಗೆ ಟೇಪು ಹಿಡಿದು ಅಳೆಯಿರಿ. ಒಂದಕ್ಕೂ ಇನ್ನೊಂದಕ್ಕೂ ಐದಾರು ಮಿ.ಮೀ. ವ್ಯತ್ಯಾಸವಿದ್ದರೆ ಆ ರೆಕ್ಕೆ ಬಾಗಿದೆ, ಇಲ್ಲವೇ ಅದರ ಸ್ಕ್ರೂ ಸಡಿಲ.

ಎಷ್ಟೇ ಗಟ್ಟಿ ಕೊಕ್ಕೆಯಾದರೂ ಸೀರೆಯ ಜೋಲಿಯನ್ನು ಫ್ಯಾನಿನ ಕೊಕ್ಕೆಗಾಗಲೀ ಫ್ಯಾನ್ ಇರುವ ಕೋಣೆಯ ನಡುವಿಗಾಗಲೀ ಕಟ್ಟಬೇಡಿ. ಮಂಚದ ಮೇಲೆ ನಿಂತು ಮಗುವನ್ನು ಮೇಲೆತ್ತಿ ಆಡಿಸುವ ಮಾವಂದಿರಿಗೂ ಮೇಲೆ ಫ್ಯಾನ್ ಇದೆಯೆಂದು ನೆನಪಿಸಿ.

ರಾತ್ರಿಯಿಡೀ ಎಸಿ

2020ರಿಂದ ಭಾರತದಲ್ಲಿ ಸ್ಟಾರ್ ಗುರುತಿನ ಕೋಣೆ ಎಸಿಗಳು ಆನ್ ಆಗುವುದೇ 24ಕ್ಕೆ. ಮಗುವಿನ ಕೋಣೆಗೆ ನಮ್ಮ ಊರಿನಲ್ಲಿ 26 ಸಾಕು. ಎಸಿಯ ಸೆನ್ಸರ್ ಇರುವುದು ಏಳಡಿ ಎತ್ತರದಲ್ಲಿ, ಬಿಸಿ ಮೋಲ್ಡಿನ ಹತ್ತಿರ. ತಣ್ಣನೆ ಗಾಳಿ ಕೆಳಗಿಳಿದು ಕೂರುತ್ತದೆ. ಹಾಗಾಗಿ 26ಕ್ಕೆ ಇಟ್ಟಾಗ ಹಾಸಿಗೆ ಮಟ್ಟದಲ್ಲಿ ಹತ್ತೂವರೆಗೆ 24.8 ಇತ್ತು. ಬೆಳಗಿನ ಜಾವ 25.5. ಅಂಕಿ ಏರಿದ್ದರೂ ಚಳಿ ಅನ್ನಿಸುವುದು ಆಗಲೇ. ಮೇಲಿನಿಂದ ಮೈಗೆ ಕಾವು ಕೊಡುತ್ತಿದ್ದ ಮೋಲ್ಡು ಅಷ್ಟು ಹೊತ್ತಿಗೆ ತಣಿದಿರುತ್ತದೆ. 24ಕ್ಕೆ ಇಟ್ಟ ಮನೆಗಳಲ್ಲಿ ಮಗು ನಾಲ್ಕಕ್ಕೆ ಎದ್ದು ಅಳುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಎಸಿಯ ಸ್ವಿಂಗ್ ನಿಲ್ಲಿಸಿ, ಪಟ್ಟಿಯನ್ನು ಛಾವಣಿಯ ಕಡೆ ತಿರುಗಿಸಿ, ತೊಟ್ಟಿಲನ್ನು ಎದುರು ಗೋಡೆಗಲ್ಲ, ಪಕ್ಕದ ಗೋಡೆಗೆ ಇಡಿ. ತಣ್ಣನೆ ಗಾಳಿ ಎದುರು ಗೋಡೆಗೆ ಬಡಿದು ಅಲ್ಲೇ ಇಳಿಯುತ್ತದೆ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಕೋಣೆಯದನ್ನೇ ಸುತ್ತಿಸುತ್ತದೆ. ಮೂರು ಜನ ಮಲಗುವ ಕೋಣೆಯಲ್ಲಿ ಬಾಗಿಲನ್ನು ಎರಡು ಬೆರಳಷ್ಟಾದರೂ ತೆರೆದಿಡಿ. ಮುಚ್ಚಿದ ಎಸಿ ಕೋಣೆಯಲ್ಲಿ ಸೊಳ್ಳೆ ಬತ್ತಿಯಂತೂ ಬೇಡವೇ ಬೇಡ, ದ್ರವದ ಯಂತ್ರವೂ ಬೇಡ. ಪರದೆ ಹಾಕಿ.

ತೇವಾಂಶ ಇಳಿದು ಮೂಗು ಒಣಗುವುದು ಎಸಿಯ ಇನ್ನೊಂದು ಕಷ್ಟ. ಎಳೆ ಮಕ್ಕಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುವುದರಿಂದ ಸ್ವಲ್ಪ ಕಟ್ಟಿದರೂ ಹಾಲು ಕುಡಿಯುವಾಗ ಬಿಟ್ಟು ಬಿಟ್ಟು ಅಳುತ್ತವೆ. ತೇವಾಂಶ ಮಾಪಕ 40ಕ್ಕಿಂತ ಕೆಳಗೆ ತೋರಿಸಿದರೆ ಬಾಗಿಲು ಇನ್ನಷ್ಟು ತೆರೆಯಿರಿ. ಫಿಲ್ಟರ್ ಜಾಲರಿಯನ್ನು ಎರಡು ವಾರಕ್ಕೊಮ್ಮೆ ನಲ್ಲಿ ಕೆಳಗೆ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು.

ನಮ್ಮಲ್ಲಿ ಎಸಿಯನ್ನು ಕೆಡಿಸುವುದು ಕರೆಂಟು. ಮನೆಯ ಯುಪಿಎಸ್ ಫ್ಯಾನ್ ಓಡಿಸುತ್ತದೆ, ಎಸಿ ಓಡಿಸುವುದಿಲ್ಲ. ಏಪ್ರಿಲ್ ಮಳೆಗೆ ರಾತ್ರಿ ಹನ್ನೊಂದಕ್ಕೆ ಕರೆಂಟು ಹೋದರೆ, ಮುಚ್ಚಿದ ಕೋಣೆ ಒಂದು ಗಂಟೆಯಲ್ಲಿ 28 ದಾಟುತ್ತದೆ. ಮಗು ಎಸಿಗೆಂದು ತೊಡಿಸಿದ ತುಂಬುತೋಳಿನ ಬಟ್ಟೆಯಲ್ಲೇ ಇರುತ್ತದೆ, ದೊಡ್ಡವರಿಗೆ ಎಚ್ಚರವಾಗುವ ಹೊತ್ತಿಗೆ ಅದರ ಬೆನ್ನು ಒದ್ದೆ. ಇದಕ್ಕೆ ಪರಿಹಾರ ಸುಲಭ: ಮಗುವಿನ ಕೋಣೆಯ ಫ್ಯಾನನ್ನು ಯುಪಿಎಸ್ ಲೈನಿಗೆ ಹಾಕಿಸಿ, ಎಸಿ ಓಡುವಾಗಲೂ ಒಂದರಲ್ಲಿ ತಿರುಗುತ್ತಿರಲಿ.

ಅರ್ಧ ರಾತ್ರಿ ಎಸಿ, ಅರ್ಧ ರಾತ್ರಿ ಫ್ಯಾನ್

ಈ ಕೋಣೆಗೆ ಗೆದ್ದಿದ್ದು ಇದು, ಅದೂ ಸರಿಯಾದ ಗಂಟೆಗೆ ಬದಲಿಸಿದರೆ ಮಾತ್ರ. ಮೊದಲು ಎಂಟೂವರೆಯಿಂದ ಹತ್ತೂವರೆವರೆಗೆ ಎಸಿ ಹಾಕಿ ಆರಿಸಿದಾಗ ಮಧ್ಯರಾತ್ರಿಗೆ ಕೋಣೆ ಮತ್ತೆ 28ಕ್ಕೆ ಏರಿತು. ಮೋಲ್ಡಿನ ಕಾವು ಇನ್ನೂ ಮುಗಿದಿರಲಿಲ್ಲ. ಟೈಮರ್ ಇಟ್ಟು ಕಿಟಕಿ ಮುಚ್ಚಿಯೇ ಮಲಗಿದಾಗಲೂ ಹಾಗೆಯೇ ಆಯಿತು, ಜೊತೆಗೆ ಉಬ್ಬೆ. ರಾತ್ರಿ ಒಂದು ಗಂಟೆಯವರೆಗೆ 26ರಲ್ಲಿ ಎಸಿ ಇಟ್ಟು, ಹಾಲುಣಿಸಲು ಹೇಗೂ ಏಳುವ ಹೊತ್ತಿಗೆ ಎಸಿ ಆರಿಸಿ, ಕಿಟಕಿ ತೆರೆದು, ಫ್ಯಾನನ್ನು ಒಂದರಿಂದ ಎರಡಕ್ಕೆ ಏರಿಸಿದಾಗ ಎರಡು ಗಂಟೆಗೆ 26.5, ಐದಕ್ಕೆ 25.5. ರಾತ್ರಿಯಿಡೀ ಒಂದು ಡಿಗ್ರಿಯ ಆಚೀಚೆ. ಒಂದೇ ಬಟ್ಟೆ ಸಾಕಾಯಿತು: ತೆಳು ಹತ್ತಿಯ ಜಬಲಾ, ಡೈಪರ್, ಕಾಲು ಮುಚ್ಚುವ ತೆಳು ಪೈಜಾಮ. ಕುಲಾವಿ ಇಲ್ಲ, ಹೊದಿಕೆ ಇಲ್ಲ.

ಬಟ್ಟೆ ಸರಿಯಾಗಿದೆಯೇ ಎಂದು ಅಂಗೈ ಅಂಗಾಲು ಮುಟ್ಟಿ ನಿರ್ಧರಿಸಬೇಡಿ, ಎಳೆ ಮಕ್ಕಳ ಕೈಕಾಲು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ. ಬೆಚ್ಚಗೆ ಒಣಗಿದ್ದರೆ ಸರಿ. ಒದ್ದೆಯಾಗಿದ್ದರೆ, ಕೆನ್ನೆ ಕೆಂಪಗಿದ್ದರೆ, ಕತ್ತಿನ ಮಡಿಕೆಯಲ್ಲಿ ಬೆವರುಸಾಲೆ ಎದ್ದಿದ್ದರೆ ಒಂದು ಬಟ್ಟೆ ತೆಗೆಯಿರಿ. ಎದೆಯೇ ತಣ್ಣಗಿದ್ದರೆ ಎಸಿ ಒಂದು ಡಿಗ್ರಿ ಏರಿಸಿ.

ಖರ್ಚಿನ ಮಾತು ಚಿಕ್ಕದು. ರಾತ್ರಿಯಿಡೀ ಎಸಿಗೆ ಸುಮಾರು ನಾಲ್ಕು ಯೂನಿಟ್, ಅರ್ಧ ರಾತ್ರಿಗೆ ಎರಡೂವರೆ (ಕಷ್ಟದ ಕೆಲಸ ಮೊದಲರ್ಧದ್ದೇ), ಹಳೆಯ 75 ವಾಟಿನ ಫ್ಯಾನಿಗೆ ಅರ್ಧ ಯೂನಿಟ್ಟಿನ ಆಸುಪಾಸು, ಬಿಎಲ್‌ಡಿಸಿ ಫ್ಯಾನಿಗೆ ಅದರಲ್ಲೂ ಅರ್ಧ. ತಿಂಗಳಿಗೆ 120 ಯೂನಿಟ್ ಎಸಿಗೇ ಹೋದರೆ ಗೃಹಜ್ಯೋತಿಯ 200ರ ಮಿತಿ ಮೀರುವುದು ಸುಲಭ. ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ಹಳೆಯ ರೆಗ್ಯುಲೇಟರ್ ತೆಗೆಸಿಬಿಡಿ. ಎರಡೂ ಸೇರಿದರೆ ಫ್ಯಾನಿನ ಸರ್ಕ್ಯೂಟ್ ಕೆಡುತ್ತದೆ.

ಕೆಳಮಹಡಿಯ ಮನೆಗಳಿಗೆ, ಅಥವಾ ಜೂನ್ ಮಳೆ ಹಿಡಿದ ಮೇಲೆ ಈ ಮನೆಗೂ, ಕಿಟಕಿ ತೆರೆದ ಫ್ಯಾನ್ ಒಂದೇ ಸಾಕು. ರಸ್ತೆಯ ಧೂಳು ಗದ್ದಲಕ್ಕೆ ಕಿಟಕಿ ತೆರೆಯಲಾಗದ ಮನೆಗಳಿಗೆ ಸೆಕೆಗಾಲದಲ್ಲಿ ರಾತ್ರಿಯಿಡೀ ಎಸಿಯೇ ವಾಸಿ, ರಾತ್ರಿ ಒಂದು ಗಂಟೆಯ ಮೇಲೆ 27ಕ್ಕೆ ಏರಿಸಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ ಈ ಅಂಕಿಗಳು ಯಾವುವೂ ಅನ್ವಯಿಸುವುದಿಲ್ಲ. ಅಂಥ ಮಕ್ಕಳಿಗೆ ಮೈಯ ಕಾವು ಉಳಿಸಿಕೊಳ್ಳುವುದೇ ಕಷ್ಟ, ಕೋಣೆ ಎಷ್ಟು ಬೆಚ್ಚಗಿರಬೇಕೆಂದು ಡಿಸ್ಚಾರ್ಜ್ ಮಾಡುವಾಗಲೇ ಮಕ್ಕಳ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.