ಆನ್‌ಲೈನ್ ಬ್ಯಾಕಪ್ ಸೇವೆ: ದರ ಏರಿದ ಮೇಲೂ ನಾನು ಬಿಟ್ಟಿಲ್ಲ

ಈ ಸೇವೆಯನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ವೇಗ ಚೆನ್ನಾಗಿದೆ, ಅಳಿಸಿಹೋದ ಫೈಲ್ ವಾಪಸ್ ಸಿಗುತ್ತದೆ. ಈ ಸಲ ಬರೆಯಬೇಕು ಅನ್ನಿಸಿದ್ದು ಅವರು ದರ ಏರಿಸಿದ ರೀತಿಯ ಬಗ್ಗೆ.

ಇಮೇಲ್‌ನ ತಲೆಬರಹವೇ "ನಿಮ್ಮ ಚಂದಾ ದರ ಏರುತ್ತಿದೆ" ಎಂದಿತ್ತು. ಮೊದಲ ಎರಡು ಸಾಲಿನಲ್ಲೇ ಈಗಿನ ದರ, ಹೊಸ ದರ, ನನ್ನ ಖಾತೆಗೆ ಅದು ಜಾರಿಯಾಗುವ ದಿನಾಂಕ ಎಲ್ಲವೂ ಇತ್ತು. ನಾನು ಮೊದಲು ಬಳಸುತ್ತಿದ್ದ ಇನ್ನೊಂದು ಸೇವೆ ಇದೇ ಸುದ್ದಿಯನ್ನು "ಹೊಸ ಸೌಲಭ್ಯಗಳು" ಎಂಬ ಪತ್ರದ ಕೊನೆಯಲ್ಲಿ ಹುದುಗಿಸಿತ್ತು. ಕಾರ್ಡ್‌ನಿಂದ ಹಣ ಹೋದಾಗಲೇ ಗೊತ್ತಾಗಿದ್ದು. ದರ ಏರಿದ್ದಕ್ಕಿಂತ ಅದು ಜಾಸ್ತಿ ನೋವು ಕೊಟ್ಟಿತು.

ಇವರು ಹಳಬರಿಗೆ ಕೊಟ್ಟ ರಿಯಾಯಿತಿಯ ಲೆಕ್ಕ ನನಗೆ ಹಿಡಿಸಿತು. ಹಳೆಯ ದರ 100 ಎಂದುಕೊಳ್ಳಿ. ಹೊಸಬರಿಗೆ ಅಂದಿನಿಂದಲೇ 120. ನಮಗೆ ಮುಂದಿನ ನವೀಕರಣದಲ್ಲಿ 100, ಅದರ ಮರುವರ್ಷ 110, ಆಮೇಲೆ 120. ಹಳೆಯ ದರವೇ ಶಾಶ್ವತ ಎಂದು ಅವರು ಮಾತು ಕೊಡಲಿಲ್ಲ. ಅದೇ ಸರಿ. ಅಂಥ ಮಾತು ಕೊಟ್ಟವರು ಹಳೆಯ ಪ್ಲಾನ್‌ಗೆ ಹೊಸ ಸೌಲಭ್ಯ ಕೊಡುವುದನ್ನು ನಿಲ್ಲಿಸಿ, ನಾವೇ ಬೇಸತ್ತು ಬದಲಾಗುವಂತೆ ಮಾಡುವುದುಂಟು.

ಕಾರಣವನ್ನೂ ನೇರವಾಗಿ ಹೇಳಿದ್ದರು: ಒಬ್ಬೊಬ್ಬರೂ ಇಡುವ ಫೈಲುಗಳು ಬೆಳೆದಿವೆ, ಸರ್ವರ್ ಖರ್ಚೂ ಅದರ ಜೊತೆ ಏರಿದೆ. ಕೆಳಗೆ, ಬೇಡವೆಂದರೆ ಫೈಲುಗಳನ್ನೆಲ್ಲ ಇಳಿಸಿಕೊಂಡು ಚಂದಾ ನಿಲ್ಲಿಸುವುದು ಹೇಗೆ ಎಂಬ ಲಿಂಕ್ ಇತ್ತು. ಬ್ಯಾಕಪ್‌ನಲ್ಲಿ ಇದು ಮುಖ್ಯ. ಅಷ್ಟು ಫೈಲ್ ಇಳಿಸಿಕೊಳ್ಳಲು ದಿನಗಟ್ಟಲೆ ಬೇಕು. ದರ ಜಾರಿಯಾಗುವ ಒಂದೇ ವಾರ ಮುಂಚೆ ತಿಳಿಸಿದ್ದರೆ ಬಿಡುವ ಹಕ್ಕು ಹೆಸರಿಗಷ್ಟೇ ಇರುತ್ತಿತ್ತು, ಅಲ್ವಾ?

ಎರಡು ಕಡೆ ಎಡವಿದ್ದಾರೆ. ಪತ್ರವನ್ನು ಪ್ರಚಾರದ ಇಮೇಲ್ ಪಟ್ಟಿಯಿಂದ ಕಳಿಸಿದ್ದರು. ಪ್ರಚಾರ ಬೇಡ ಎಂದು ಹೇಳಿದ್ದ ನನ್ನ ಗೆಳತಿಗೆ ಅದು ತಲುಪಲೇ ಇಲ್ಲ. ದರದ ಸುದ್ದಿ ಬಿಲ್ ಬರುವ ದಾರಿಯಲ್ಲೇ ಬರಬೇಕು, ಲಾಗಿನ್ ಆದಾಗ ಪರದೆಯ ಮೇಲೂ ಕಾಣಬೇಕು. ಇನ್ನೊಂದು, ಅದೇ ತಿಂಗಳು ಹೊಸಬರಿಗೆ ಮೊದಲ ವರ್ಷ ಅರ್ಧ ದರದ ಕೊಡುಗೆ ಹಾಕಿದರು. ಅಂದರೆ ಹೊಸಬರಿಗೆ 60, ನಮಗೆ 100. ಅಷ್ಟು ಕಾಳಜಿಯಿಂದ ಬರೆದ ಪತ್ರದ ಬೆಲೆಯನ್ನು ಈ ಒಂದು ಜಾಹೀರಾತು ತಗ್ಗಿಸಿತು. ಬೆಂಬಲ ವಿಭಾಗಕ್ಕೆ ಬರೆದು ಕೇಳಿದೆ. ಕೊಡುಗೆಯನ್ನು ಹಿಂದಕ್ಕೆ ತೆಗೆಯಲಿಲ್ಲ, ಆದರೆ ಕೇಳಿದ ಹಳಬರಿಗೆ 100ರ ದರವನ್ನು ಇನ್ನೊಂದು ವರ್ಷ ಮುಂದುವರಿಸುತ್ತಿದ್ದಾರೆ. ಕೇಳದವರಿಗೂ ಅದನ್ನು ತಾವಾಗಿಯೇ ಕೊಡುವವರೆಗೆ ನನ್ನ ಅಂಕ 5ಕ್ಕೆ 4.